ಮನೆಯ ಮೆದುಳಿಗೆ ಗಡಿಯಾರ ಕಟ್ಟಿದ್ದು

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮಳೆಗಾಲ ಬಂತೆಂದರೆ ಕರೆಂಟು, ನೆಟ್ಟು ಎರಡೂ ಜೊತೆಗೇ ಹೋಗುತ್ತವೆ. ಮೊದಲು ಅಂಗಳದ ದೀಪಕ್ಕೆ ಒಂದು ಸ್ಮಾರ್ಟ್ ಪ್ಲಗ್ ಹಾಕಿದ್ದೆ. ಫೋನಿನಲ್ಲಿ ಒತ್ತಿದರೆ ಮಾತು ಎಲ್ಲೋ ದೂರದ ಸರ್ವರ್‌ಗೆ ಹೋಗಿ, ಅಲ್ಲಿಂದ ವಾಪಸ್ ಬಂದು ದೀಪ ಹತ್ತಬೇಕು. ನೆಟ್ ಹೋದ ದಿನ ಅದು ಸುಮ್ನೆ ಒಂದು ಡಬ್ಬಿ.

ಅದಕ್ಕೇ ಎಲ್ಲವನ್ನೂ ಮನೆಯೊಳಗೇ ಇಟ್ಟುಕೊಂಡೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಹಳೆಯದು, ಒಂದಿತ್ತು. ಅದರಲ್ಲಿ ಮಸ್ಕಿಟೋ ಎಂಬ ಸಣ್ಣ ತಂತ್ರಾಂಶ ಹಾಕಿದೆ. ಮನೆಯ ಉಪಕರಣಗಳ ನಡುವೆ ಸಂದೇಶ ಹಂಚುವ ಅಂಚೆಯಣ್ಣ ಅದು. ದೀಪಕ್ಕೊಂದು, ಬಾವಿಯ ಪಂಪಿಗೊಂದು ನೋಡ್‌ಎಂಸಿಯು ಎಂಬ ಸಣ್ಣ ವೈಫೈ ಬೋರ್ಡ್, ಅವುಗಳೊಳಗೆ ಸಂದೇಶ ಕೇಳಿ ಆನ್-ಆಫ್ ಮಾಡುವ ಟಾಸ್ಮೋಟಾ ತಂತ್ರಾಂಶ. ಬೋರ್ಡಿನ ಮಾತಿಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಪುಟ್ಟ ರಿಲೇಗೆ ಪಂಪನ್ನು ನೇರವಾಗಿ ಕೊಡಲಿಲ್ಲ. ಸ್ಟಾರ್ಟ್ ಆಗುವಾಗ ಮೋಟಾರ್ ಎಳೆಯುವ ಕರೆಂಟಿಗೆ ರಿಲೇ ಅಂಟಿಕೊಂಡುಬಿಡುತ್ತದೆ. ರಿಲೇ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚನ್ನು ಎಳೆಯುತ್ತದೆ, ಕಾಂಟ್ಯಾಕ್ಟರ್ ಪಂಪನ್ನು ಓಡಿಸುತ್ತದೆ. ವೈಫೈಗೆ ರೂಟರ್ ಇದ್ದರೆ ಸಾಕು, ಹೊರಗಿನ ನೆಟ್ ಬೇಕಿಲ್ಲ. ಬೆಳಿಗ್ಗೆ ಆರಕ್ಕೆ ಟ್ಯಾಂಕ್ ತುಂಬಿಸಲು ಪೈಯಲ್ಲಿ ಒಂದೇ ಸಾಲು:

```
0 6 * * * mosquitto_pub -t cmnd/pump/POWER -m ON
```

ಬೇಸಿಗೆಯಿಡೀ ಚೆನ್ನಾಗಿ ನಡೆಯಿತು. ಆಷಾಢದಲ್ಲಿ ಒಂದು ದಿನ ಮರ ಬಿದ್ದು ನೆಟ್ಟಿನ ತಂತಿಯೂ ಹೋಯಿತು, ಕರೆಂಟೂ ಹೋಯಿತು. ರಾತ್ರಿ ಒಂಬತ್ತರ ಹೊತ್ತಿಗೆ ಇನ್ವರ್ಟರ್ ಕೂಡ ಸತ್ತಿತು. ಕರೆಂಟ್ ಬಂದದ್ದು ಬೆಳಗಿನ ಜಾವ ನಾಲ್ಕಕ್ಕೆ.

ರಾತ್ರಿ ಹತ್ತಕ್ಕೇ ಆರಬೇಕಿದ್ದ ಅಂಗಳದ ದೀಪ ಉರಿಯುತ್ತಲೇ ಇತ್ತು. ಅಮ್ಮ ಹಾಲು ಕರೆದು ಬರುವಾಗ, ಆರು ಗಂಟೆಗೆ ಸ್ವಲ್ಪ ಮುಂಚೆ, ತಾನಾಗಿ ಆರಿತು. ಆರಕ್ಕೆ ಪಂಪ್ ಓಡಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಕೂತಾಗ, ಒಂದೂಮುಕ್ಕಾಲರ ಹತ್ತಿರ, ಗುರ್ ಎಂದು ಶುರುವಾಯಿತು.

"ಎಂತದಾ ಇದು, ನಿನ್ನ ಯಂತ್ರಕ್ಕೆ ಅರಳುಮರುಳಾ?" ಅಂದರು ಅಮ್ಮ.

ನಾನು ಮೊದಲು ಅನುಮಾನಪಟ್ಟದ್ದು ವೈಫೈ ಮೇಲೆ. ಅರ್ಧ ಗಂಟೆ ವ್ಯರ್ಥ. ಕೊನೆಗೆ ಪೈಯಲ್ಲಿ `date` ಒತ್ತಿ ನೋಡಿದರೆ ಬೆಳಿಗ್ಗೆ ಆರೂವರೆ! `timedatectl` ಕೂಡ ಅದನ್ನೇ ಹೇಳಿತು: `System clock synchronized: no`.

ಆಗ ಅರ್ಥವಾಯಿತು. ಆ ಪೈಯಲ್ಲಿ ಬ್ಯಾಟರಿ ಇರುವ ಗಡಿಯಾರವೇ ಇಲ್ಲ. ಪ್ರತಿ ಸಲ ಹೊತ್ತಿಕೊಂಡಾಗ ನೆಟ್ಟಿನಿಂದ ಸಮಯ ಕೇಳಿ ತಿಳಿದುಕೊಳ್ಳುತ್ತದೆ. ನೆಟ್ ಇಲ್ಲದಿದ್ದರೆ, ಹಿಂದೆ ಬರೆದಿಟ್ಟುಕೊಂಡ ಸಮಯದಿಂದ ಎಣಿಕೆ ಮುಂದುವರಿಸುತ್ತದೆ. ನನ್ನದರಲ್ಲಿ ಅದನ್ನು ಬರೆದಿಡುತ್ತಿದ್ದದ್ದು `fake-hwclock` ಎಂಬ ತಂತ್ರಾಂಶ, ಗಂಟೆಗೊಮ್ಮೆ, ಹದಿನೇಳನೇ ನಿಮಿಷಕ್ಕೆ. ಕೊನೆಗೆ ಬರೆದದ್ದು ರಾತ್ರಿ 8:17. ಅಂದರೆ ನಾಲ್ಕು ಗಂಟೆಗೆ ಎದ್ದ ಪೈಗೆ ಇನ್ನೂ 8:17. ಲೆಕ್ಕ ಹಾಕಿ: ಅದರ ರಾತ್ರಿ ಹತ್ತು ನಮ್ಮ 5:43, ಅದರ ಬೆಳಿಗ್ಗೆ ಆರು ನಮ್ಮ ಮಧ್ಯಾಹ್ನ 1:43. ಹೊರಗಿನ ಸರ್ವರ್ ಬೇಡವೆಂದು ಜಂಬಪಟ್ಟಿದ್ದೆ. ಸಮಯಕ್ಕೆ ಮಾತ್ರ ಹೊರಗನ್ನೇ ನಂಬಿಕೊಂಡಿದ್ದೆ, ಅದು ಗೊತ್ತೇ ಇರಲಿಲ್ಲ.

ಅವತ್ತಿಗೆ ಅಪ್ಪನ ಕೈಗಡಿಯಾರ ನೋಡಿ ಸಮಯ ಕೂರಿಸಿದೆ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ DS3231 ಎಂಬ ಗಡಿಯಾರದ ಮಾಡ್ಯೂಲ್ ತಂದೆ. ನಾಣ್ಯದಂಥ ಬ್ಯಾಟರಿ ಇರುತ್ತದೆ, ವರ್ಷಕ್ಕೆ ಒಂದು ನಿಮಿಷದಷ್ಟು ತಪ್ಪಿದರೆ ಹೆಚ್ಚು. ನಾಲ್ಕು ತಂತಿ ಜೋಡಿಸಬೇಕು. ಪೈಯ 3.3 ವೋಲ್ಟ್ ಪಿನ್ನಿಗೇ ಕೊಡಿ. 5 ವೋಲ್ಟ್ ಕೊಟ್ಟರೆ ಅದು ಡೇಟಾ ತಂತಿಗಳ ಮೂಲಕ ಪೈಯ ಪಿನ್ನುಗಳಿಗೂ ಬರುವ ಅಪಾಯವಿದೆ. ಪೈ ಶುರುವಾಗುವಾಗ ಓದುವ `config.txt`ನಲ್ಲಿ ಈ ಸಾಲು ಸೇರಿಸಿ, `fake-hwclock` ತೆಗೆದುಹಾಕಿದೆ:

```
dtoverlay=i2c-rtc,ds3231
```

ನೆಟ್ ಇದ್ದಾಗ ಒಮ್ಮೆ `sudo hwclock -w` ಒತ್ತಿ ಸರಿಯಾದ ಸಮಯವನ್ನು ಅದಕ್ಕೆ ಬರೆದೆ.

ಇನ್ನೊಂದು ಭಯ ಹುಟ್ಟಿತ್ತು. ಪಂಪ್ ಆನ್ ಆದ ಮೇಲೆ ಪೈಯೇ ಸತ್ತರೆ ನಿಲ್ಲಿಸುವವರು ಯಾರು? ಅದಕ್ಕೆ ನಿಲ್ಲಿಸುವ ಕೆಲಸವನ್ನು ಪಂಪಿನ ಬೋರ್ಡಿಗೇ ಒಪ್ಪಿಸಿದೆ. ಟಾಸ್ಮೋಟಾದಲ್ಲಿ `PulseTime1 1900` ಎಂದರೆ 1800 ಸೆಕೆಂಡಿಗೆ ತಾನೇ ಆಫ್. ಆ ನೂರು ಜಾಸ್ತಿ ಯಾಕೆಂದರೆ, 111ರವರೆಗಿನ ಅಂಕಿಗಳನ್ನು ಅದು ಸೆಕೆಂಡಿನ ಹತ್ತನೇ ಭಾಗದಲ್ಲಿ ಎಣಿಸುತ್ತದೆ, ಅದಕ್ಕಿಂತ ದೊಡ್ಡದಾದರೆ ನೂರು ಕಳೆದು ಸೆಕೆಂಡಿನಲ್ಲಿ. ಜೊತೆಗೆ `PowerOnState 0`. ಕರೆಂಟ್ ಹೋಗಿ ಬಂದಾಗ ಪಂಪ್ ತಾನಾಗಿ ಶುರುವಾಗಬಾರದು ಅಲ್ವಾ.

ನಾನು ಬೆಂಗಳೂರಿನಲ್ಲಿರುವಾಗ ಮನೆಯ ನೆಟ್ ಹೋದರೆ ಅಲ್ಲಿಂದ ದೀಪ, ಪಂಪು ಏನೂ ಕಾಣುವುದಿಲ್ಲ, ಅದು ಇರಲಿ.

ಪರೀಕ್ಷೆಗೆ ರೂಟರಿನಿಂದ ನೆಟ್ಟಿನ ತಂತಿ ಕಿತ್ತು, ರಾತ್ರಿ ಪೈಯನ್ನೂ ಆಫ್ ಮಾಡಿ, ಬೆಳಿಗ್ಗೆ ಐದಕ್ಕೆ ಹಾಕಿದೆ. ಅಮ್ಮ ಗೋಡೆ ಗಡಿಯಾರದ ಕೆಳಗೆ ನಿಂತಿದ್ದರು. ಪಂಪ್ ಶುರುವಾಯಿತು.

"ಐದು ನಿಮಿಷ ತಡ" ಅಂದರು.

ಗೋಡೆ ಗಡಿಯಾರ ಐದು ನಿಮಿಷ ಮುಂದಿತ್ತು. ಸರಿ ಮಾಡುತ್ತೇನೆ ಅಂದರೆ ಬಿಡಲಿಲ್ಲ. ಬಸ್ಸಿಗೆ ಹೊರಡಲು ಅದೇ ಒಳ್ಳೆಯದಂತೆ.