ತೇಗದ ಬಿಲ್ಲೆ: ಮೂರು ಉಂಗುರ ಜಾಸ್ತಿ ಬಂದದ್ದು ಎಲ್ಲಿಂದ?

ಬದಿಯಡ್ಕದ ಹತ್ತಿರ ನಮ್ಮ ತೋಟದ ಅಂಚಿನಲ್ಲಿ ಅಪ್ಪ 1991ರ ಮಳೆಗಾಲದಲ್ಲಿ ನೆಟ್ಟ ತೇಗವನ್ನು 2024ರ ಫೆಬ್ರವರಿಯಲ್ಲಿ ಕಡಿಸಿದೆವು. ಬುಡದಿಂದ ಎರಡಿಂಚು ದಪ್ಪದ ಒಂದು ಬಿಲ್ಲೆ ಇಟ್ಟುಕೊಂಡೆ. ಲೆಕ್ಕದ ಪ್ರಕಾರ 33 ಉಂಗುರ ಇರಬೇಕು. ಕಳೆದ ತಿಂಗಳು ಎಣಿಸಿದಾಗ 36 ಬಂತು. ಈ ವಾರ ಆ ಗಂಟು ಬಿಡಿಸಿಕೊಂಡಿತು.

ಮೊದಲು ಮರಳು ಕಾಗದ. ಹಿಂದಿನ ಸಲ 80 ನಂಬರಿಗೇ ನಿಲ್ಲಿಸಿದ್ದೆ, ಗರಗಸದ ಗೆರೆ ಪೂರ್ತಿ ಹೋಗಿರಲಿಲ್ಲ. ಈ ಸಲ 120, 220, 400 ಅಂತ ಮೂರು ದಿನ ಉಜ್ಜಿದೆ. ರಂಧ್ರಗಳಲ್ಲಿ ಕೂತ ಹುಡಿಯನ್ನು ಸೈಕಲ್ ಪಂಪಿನಿಂದ ಊದಿ ತೆಗೆದೆ. ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಹಿಡಿದು ಕೂತೆ.

ಮರ ದಪ್ಪವಾಗುವುದು ತೊಗಟೆಯ ಒಳಗಿರುವ ಕ್ಯಾಂಬಿಯಂ ಎಂಬ ತೆಳು ಪದರದಿಂದ. ಅದರ ಕೋಶಗಳು ಒಡೆದು ಒಳಗಡೆ ಮರ, ಹೊರಗಡೆ ಒಳತೊಗಟೆ ಕಟ್ಟುತ್ತವೆ. ಒಳಗಿನ ಪಾಲೇ ತುಂಬ ಜಾಸ್ತಿ. ಬೇಸಿಗೆಯಲ್ಲಿ ತೇಗ ಎಲೆ ಉದುರಿಸಿ ನಿಂತಾಗ ಈ ಪದರವೂ ಮಲಗಿರುತ್ತದೆ. ಚಿಗುರಿನ ಹೊತ್ತಿಗೆ ಎದ್ದು ಮೊದಲು ದೊಡ್ಡ ದೊಡ್ಡ ನೀರಿನ ಕೊಳವೆ ಮಾಡುತ್ತದೆ. ಅವು ಬರಿಗಣ್ಣಿಗೇ ಕಾಣುತ್ತವೆ. ಋತು ಕಳೆದಂತೆ ಕೊಳವೆ ಸಣ್ಣದಾಗಿ, ನಾರು ಬಿಗಿಯಾಗುತ್ತದೆ. ಮತ್ತೆ ನಿದ್ದೆ. ಮುಂದಿನ ವರ್ಷದ ದೊಡ್ಡ ಕೊಳವೆಗಳು ಈ ಸಣ್ಣವುಗಳಿಗೆ ತಾಗಿಯೇ ಶುರುವಾಗುತ್ತವೆ. ಆ ಥಟ್ಟನೆಯ ಅಂಚೇ ವರ್ಷದ ಗೆರೆ.

ಹಾಗಾದರೆ ಆ ಮೂರು? ಬೆಳೆಯುವ ಕಾಲದ ನಡುವೆಯೇ ಮಳೆ ತುಂಬ ದಿನ ಕೈಕೊಟ್ಟರೆ, ಇಲ್ಲವೇ ಹುಳು ಬಿದ್ದು ಎಲೆಯ ನಡುನಾಳ ಮಾತ್ರ ಉಳಿಸಿದರೆ, ಕ್ಯಾಂಬಿಯಂ ಸೊರಗುತ್ತದೆ. ಹೊಸ ಎಲೆ ಬಂದ ಮೇಲೆ ಮತ್ತೆ ದೊಡ್ಡ ಕೊಳವೆ ಮಾಡುತ್ತದೆ. ಒಂದೇ ವರ್ಷದಲ್ಲಿ ಎರಡು ಉಂಗುರ ಇದ್ದಂತೆ ಕಾಣುತ್ತದೆ.

ಕಂಡುಹಿಡಿಯಲು ಒಂದೊಂದೇ ಗೆರೆಯ ಮೇಲೆ ಪೆನ್ಸಿಲ್ ಹಿಡಿದು ಬಿಲ್ಲೆಯ ಸುತ್ತ ಹೋದೆ. ನಾನು ಎಣಿಸಿದ್ದು ಒಂದೇ ಸಾಲಿನಲ್ಲಿ, ತಪ್ಪಾದದ್ದು ಅಲ್ಲೇ. ಎರಡು ಗೆರೆಗಳು ಸುತ್ತಿನ ಮೂರನೇ ಒಂದು ಪಾಲು ಹೋಗುವಷ್ಟರಲ್ಲಿ ಮಾಯವಾದವು. ಮೂರನೆಯದು ಹೆಚ್ಚುಕಡಿಮೆ ಪೂರ್ತಿ ಸುತ್ತು ಬಂತು. ಅದು ನನ್ನನ್ನು ಎರಡು ಸಂಜೆ ಕೂರಿಸಿತು. ಕೊನೆಗೆ ಲೆನ್ಸಿನಲ್ಲಿ ನೋಡಿದರೆ ಕೊಳವೆಗಳು ಮೆಲ್ಲಗೆ ಸಣ್ಣವಾಗಿ, ಮೆಲ್ಲಗೇ ದೊಡ್ಡವಾಗಿವೆ. ಥಟ್ಟನೆಯ ಅಂಚು ಎಲ್ಲೂ ಇಲ್ಲ. ಅದನ್ನೂ ಅಳಿಸಿದೆ. 33.

"ಗಾಳಿಗೆ ಬಿದ್ದ ಅಡಿಕೆ ಮರದ್ದೂ ಎಣಿಸು ಮಗಾ" ಎಂದರು ಅಮ್ಮ. ಕೊಯ್ದು ತೋರಿಸಿದೆ. ಒಳಗೆ ಬರೀ ಚುಕ್ಕಿ ಚುಕ್ಕಿ, ಉಂಗುರವೇ ಇಲ್ಲ. ಅಡಿಕೆಗೆ ಕ್ಯಾಂಬಿಯಂ ಇಲ್ಲ ಅಲ್ವಾ. ಕಾಂಡದ ಹೊರಗಿನ ಬಳೆಗಳು ಹಾಳೆ ಕಳಚಿದ ಗುರುತು ಮಾತ್ರ.

ಮುಂದೆ ಹಲಸಿನ ತುಂಡೊಂದು ಕಾದಿದೆ. ವರ್ಷವಿಡೀ ಎಲೆ ಇರುವ ಮರ, ಗೆರೆ ತುಂಬ ಮಸುಕು. ಅದಕ್ಕೆ 600 ನಂಬರಿನ ಕಾಗದ ತಂದಿಟ್ಟಿದ್ದೇನೆ.