ಯಾರ ನಾಡಿದ್ದು?

ಒಂದು ಪ್ಯಾಕಿಂಗ್ ಯಂತ್ರ ಕೆಟ್ಟು ನಿಂತಾಗ, ಅದನ್ನು ತಯಾರಿಸಿದ ಜರ್ಮನ್ ಕಂಪನಿಯ ಎಂಜಿನಿಯರ್ ಜೊತೆ ವಿಡಿಯೋ ಕಾಲ್‌ನಲ್ಲಿ ಕೂರಲು ನನ್ನನ್ನು ಕರೆದಿದ್ದರು. ಯಂತ್ರ ನಡೆಸುವ ಆಪರೇಟರ್‌ಗೆ ಕನ್ನಡ ಬಿಟ್ಟು ಬೇರೆ ಭಾಷೆ ಸಲೀಸಲ್ಲ. ಸೂಪರ್‌ವೈಸರ್ ಅವರ ಮಾತನ್ನು ಇಂಗ್ಲಿಷಿಗೆ ತರುತ್ತಾರೆ, ಅತ್ತ ಕಡೆಯವರ ಇಂಗ್ಲಿಷ್ ಅಷ್ಟಕ್ಕಷ್ಟೆ. ಎಲ್ಲಾದರೂ ಸಿಕ್ಕಿಕೊಂಡರೆ ಬಿಡಿಸಲು ಜರ್ಮನ್ ಬರುವ ನಾನು. ಸಿಕ್ಕಿಕೊಳ್ಳುವುದು ಬೇರಿಂಗು, ಶಾಫ್ಟು ಅಂಥ ಪದಗಳಲ್ಲಿ ಎಂದುಕೊಂಡು ಒಂದಷ್ಟು ಓದಿಕೊಂಡೂ ಹೋಗಿದ್ದೆ. ಅವು ಯಾವುವೂ ತೊಂದರೆ ಕೊಡಲಿಲ್ಲ. ಕೊಟ್ಟಿದ್ದು ‘ಮೊನ್ನೆ’.

ಅವತ್ತು ಗುರುವಾರ. ಆಪರೇಟರ್ ಹೇಳಿದ್ದು ಇಷ್ಟು: “ಮೊನ್ನೆಯಿಂದಾನೇ ಸೌಂಡ್ ಬರ್ತಿತ್ತು ಸಾರ್. ನಿನ್ನೆ ಅಲ್ಲ, ಮೊನ್ನೆ ಮಧ್ಯಾಹ್ನ ನಿಂತೇ ಹೋಯ್ತು.” ಸೂಪರ್‌ವೈಸರ್ ಎರಡು ಮೊನ್ನೆಗೂ ‘ಡೇ ಬಿಫೋರ್ ಯೆಸ್ಟರ್‌ಡೇ’ ಅಂದರು. ಎಂಜಿನಿಯರ್ ತಮ್ಮಷ್ಟಕ್ಕೆ ‘ಫೋರ್‌ಗೆಸ್ಟರ್ನ್’ ಅಂದುಕೊಂಡು, ಯಂತ್ರದ ಲಾಗ್ ತೆರೆದು, ಸ್ವಲ್ಪ ಹೊತ್ತು ಸುಮ್ಮನಾದರು. ಮಂಗಳವಾರ ಮಧ್ಯಾಹ್ನ ಯಂತ್ರ ನಿಂತದ್ದು ಅದರಲ್ಲಿ ಸರಿಯಾಗಿಯೇ ಇತ್ತು. ಆದರೆ ಕಂಪನದ ಮೊದಲ ಎಚ್ಚರಿಕೆ ಹಿಂದಿನ ವಾರದ ಬುಧವಾರದ್ದು. ಶಬ್ದವೂ ಮಂಗಳವಾರವೇ ಶುರುವಾಯಿತು ಎನ್ನುವವರು ಆರು ದಿನದ ಹಿಂದಿನ ಎಚ್ಚರಿಕೆಯನ್ನು ಮುಚ್ಚಿಡುತ್ತಿದ್ದಾರೆ ಎಂದು ಅವರಿಗೆ ಅನ್ನಿಸಿದ್ದು ಸಹಜ. ವಾರಂಟಿ ಸಿಗುತ್ತದೋ ಇಲ್ಲವೋ ಎಂಬುದೂ ಅಲ್ಲೇ ನಿಂತಿತ್ತು.

ಆಪರೇಟರ್ ಏನನ್ನೂ ಮುಚ್ಚಿಟ್ಟಿರಲಿಲ್ಲ. ಅವರ ಮಾತಿನಲ್ಲಿದ್ದ ಎರಡು ಮೊನ್ನೆಗಳು ಒಂದೇ ಅಲ್ಲ. ‘ಮೊನ್ನೆಯಿಂದಾನೇ’ ಎಂಬುದು ಸಡಿಲ ಮೊನ್ನೆ. ಕೆಲವು ದಿನಗಳಿಂದ, ಈಚೆಗೆ ಎಂದಷ್ಟೇ ಅದರ ಅರ್ಥ. ‘ನಿನ್ನೆ ಅಲ್ಲ, ಮೊನ್ನೆ’ ಎಂದಾಗ ಅದೇ ಪದ ಬಿಗಿಯಾಗಿ ಒಂದು ದಿನದ ಮೇಲೆ ಕೂತುಬಿಡುತ್ತದೆ. ಕನ್ನಡದ ಕಿವಿಗೆ ಇದು ಕೇಳಿದ ತಕ್ಷಣ ಗೊತ್ತಾಗುತ್ತದೆ, ಹಾಗಾಗಿ ಅದನ್ನು ಯಾರೂ ವಿವರಿಸುವುದಿಲ್ಲ. ಪಕ್ಕದಲ್ಲಿ ನಿನ್ನೆ ಇದ್ದರೆ, ಅಥವಾ ‘ಒಂಬತ್ತೂವರೆಗೆ’ ಎಂಬಂತೆ ಗಡಿಯಾರದ ಹೊತ್ತು ಬಂದರೆ ಮೊನ್ನೆ ಸಾಮಾನ್ಯವಾಗಿ ನಿಜವಾದ ಮೊನ್ನೆಯೇ. ‘ಮೊನ್ನೆ ಮೊನ್ನೆ ತಾನೇ ಕೊಂಡಿದ್ದು’ ಎಂದರೆ ಎರಡು ತಿಂಗಳೂ ಆಗಿರಬಹುದು. ವಾರದ ಹೆಸರು ಹಿಂದೆಯೇ ಬಂದರಂತೂ ಲೆಕ್ಕವೇ ಬೇರೆ. ಶನಿವಾರ ನಿಂತುಕೊಂಡು ‘ಮೊನ್ನೆ ಸೋಮವಾರ’ ಎಂದರೆ ಯಾರೂ ಗುರುವಾರದ ಲೆಕ್ಕ ಹಾಕಿ ತಕರಾರು ತೆಗೆಯುವುದಿಲ್ಲ, ಕಳೆದ ಸೋಮವಾರ ಅಂತ ತಿಳಿದುಕೊಳ್ಳುತ್ತಾರೆ.

ಜರ್ಮನ್ನರು ಈ ಎರಡು ಕೆಲಸವನ್ನು ಎರಡು ಪದಕ್ಕೆ ಹಂಚಿದ್ದಾರೆ. ‘ಫೋರ್‌ಗೆಸ್ಟರ್ನ್’ ಎಂದರೆ ನಿನ್ನೆಯ ಹಿಂದಿನ ದಿನ, ಮುಗಿಯಿತು. ಸಡಿಲವಾಗಿ ಹೇಳಬೇಕಾದರೆ ‘ನಾಯ್‌ಲಿಶ್’ ಎನ್ನುತ್ತಾರೆ. ತೀರ ಹಳೆಯ ಕಾಲದ್ದನ್ನು ‘ಫೋನ್ ಫೋರ್‌ಗೆಸ್ಟರ್ನ್’, ಅಂದರೆ ಮೊನ್ನೆಯದು ಎಂದು ಹಂಗಿಸುವುದೂ ಉಂಟು. ನಾವು ಮೊನ್ನೆಯದನ್ನು ಹೊಸದು ಎನ್ನುವಾಗ ಅವರು ಹಳತು ಎನ್ನುತ್ತಾರೆ ಎಂಬುದು ನನಗೆ ಇವತ್ತಿಗೂ ತಮಾಷೆಯೆನಿಸುತ್ತದೆ.

ಇಂಗ್ಲಿಷಿನವರ ಬಳಿ ಬಿಗಿ ಅರ್ಥಕ್ಕೆ ಈಗ ಒಂಟಿ ಪದವೇ ಇಲ್ಲ, ಉದ್ದನೆಯ ಮಾತು ಇದೆ. ಒಂದು ಕಾಲಕ್ಕೆ ಇತ್ತು: ಹಿಂದಕ್ಕೆ ‘ಎರ್‌ಯೆಸ್ಟರ್‌ಡೇ’, ಮುಂದಕ್ಕೆ ‘ಓವರ್‌ಮಾರೋ’. ಎರಡನೆಯದು 1535ರ ಕವರ್‌ಡೇಲ್ ಬೈಬಲಿನಲ್ಲಿ ಸಿಗುತ್ತದೆ. ಆ ಅನುವಾದ ಜರ್ಮನ್ ಮತ್ತು ಲ್ಯಾಟಿನ್‌ನಿಂದ ಮಾಡಿದ್ದು ಎಂದು ಅದರ ಮೊದಲ ಪುಟವೇ ಹೇಳುವುದರಿಂದ, ‘ಓವರ್‌ಮಾರೋ’ದ ಬೆನ್ನ ಹಿಂದೆ ‘ಊಬರ್‌ಮೋರ್ಗನ್’ ನಿಂತಿರಬಹುದು ಎಂದು ನನ್ನ ಗುಮಾನಿ. ಪದ ನಿಲ್ಲಲಿಲ್ಲ. ಅದಕ್ಕೇ ಇರಬೇಕು, ಇಂಗ್ಲಿಷಿನವರು ಆ ಉದ್ದನೆಯ ಮಾತಿನ ಗೋಜಿಗೆ ಹೋಗದೆ ‘ಆನ್ ಟ್ಯೂಸ್‌ಡೇ’ ಎಂದು ವಾರದ ಹೆಸರನ್ನೇ ಹೇಳಿಬಿಡುವುದು ಹೆಚ್ಚು. ಬಡತನದಿಂದ ಬಂದ ಅಭ್ಯಾಸವಾದರೂ ರಿಪೇರಿ ವ್ಯವಹಾರಕ್ಕೆ ಅದೇ ವಾಸಿ.

ನಾನು ಮಧ್ಯೆ ಬಾಯಿ ಹಾಕಿ, “ಸೌಂಡ್ ಬಂದಿದ್ದು ಮೊನ್ನೆ ಅಂದ್ರಲ್ಲ, ಅದು ಯಾವತ್ತು?” ಎಂದು ಆಪರೇಟರ್‌ನ ಕೇಳಿದೆ. “ಹೋದ ವಾರ, ಬೆಲ್ಟ್ ಬದಲಾಯಿಸಿದ ಮಾರನೇ ದಿನ. ಅವತ್ತೇ ಬುಕ್ಕಲ್ಲಿ ಬರೆದಿದೀನಲ್ಲ” ಎಂದು ಅವರು ಪುಸ್ತಕವನ್ನೇ ಕ್ಯಾಮೆರಾ ಮುಂದೆ ಹಿಡಿದರು. ಬುಧವಾರದ ತಾರೀಕು, ಪಕ್ಕದಲ್ಲಿ ‘ಸೌಂಡ್’, ಕೆಳಗೊಂದು ಸಹಿ. ಮೊದಲನೆಯ ಮೊನ್ನೆಗೆ ಜರ್ಮನ್ನಿನಲ್ಲಿ ‘ಕೆಲವು ದಿನಗಳಿಂದ’ ಎಂದೂ ಎರಡನೆಯದಕ್ಕೆ ‘ಫೋರ್‌ಗೆಸ್ಟರ್ನ್’ ಎಂದೂ ಹೇಳಿದೆ. ಎಂಜಿನಿಯರ್ ಮುಖ ಸಡಿಲಾಯಿತು. ಒಂದೇ ಪದವಾ ಎಂದು ಎರಡು ಸಲ ಕೇಳಿದರು. ಆಮೇಲೆ ಮಾತು ಬೆಲ್ಟಿನ ಬಿಗಿತಕ್ಕೆ ಹೊರಳಿತು. ವಿಪರೀತ ಬಿಗಿದ ಬೆಲ್ಟು ಬೇರಿಂಗನ್ನು ಒಂದೇ ಪಕ್ಕಕ್ಕೆ ಎಳೆದು ತಿನ್ನುತ್ತದೆ, ಅವರಿಗೆ ಅನುಮಾನ ಬಂದದ್ದು ಅದರ ಮೇಲೆ.

ಮುಂದಿನ ದಿನಗಳ ವಿಷಯಕ್ಕೆ ಬಂದಾಗ ಮಾತು ಸಲೀಸಾಗಿ ಸಾಗಿತು. ನಾಡಿದ್ದಿಗೆ ‘ಊಬರ್‌ಮೋರ್ಗನ್’ ಅಚ್ಚುಕಟ್ಟಾಗಿ ಕೂರುತ್ತದೆ. ನಾವು ‘ಆಚೆ ನಾಡಿದ್ದು’ ಎಂದರೆ ಅವರು ಆಡುಮಾತಿನಲ್ಲಿ ಇನ್ನೊಂದು ‘ಊಬರ್’ ಸೇರಿಸಿ ‘ಊಬರ್‌ಊಬರ್‌ಮೋರ್ಗನ್’ ಮಾಡಿಕೊಳ್ಳುತ್ತಾರೆ. ವಾರದ ಹೆಸರು ಬಂದರೆ ನಾಡಿದ್ದೂ ಸಡಿಲುತ್ತದೆ, ‘ನಾಡಿದ್ದು ಭಾನುವಾರ’ ಎಂದರೆ ಬರುವ ಭಾನುವಾರ. ಉಳಿದಂತೆ ಅದು ಮೊನ್ನೆಯಷ್ಟು ಅಲೆಯುವ ಪದವಲ್ಲ. ಬೇರಿಂಗ್ ಊಬರ್‌ಮೋರ್ಗನ್ ತಲುಪುತ್ತದೆ ಎಂದು ಗುರುವಾರ ಸಂಜೆಯೇ ಜರ್ಮನ್ನಿನಲ್ಲಿ ಮೇಲ್ ಬಂತು. ‘ನಾಡಿದ್ದು’ ಎಂದು ಬರೆದು ಸೂಪರ್‌ವೈಸರ್‌ಗೆ ಕಳಿಸಿದೆ.

ಅವರು ಅದನ್ನು ಆಪರೇಟರ್‌ಗೆ ಮುಟ್ಟಿಸಿದ್ದು ಶುಕ್ರವಾರ ಬೆಳಿಗ್ಗೆ. ಫೋನ್ ಸ್ಪೀಕರಿನಲ್ಲಿತ್ತು, ನಾನೂ ಅಲ್ಲಿದ್ದೆ.

“ನಾಡಿದ್ದು ಬರುತ್ತೆ ಅಂತ ಅಂದಿದ್ದಾರೆ.”

“ಅವರ ನಾಡಿದ್ದೋ, ನಿಮ್ಮ ನಾಡಿದ್ದೋ ಸಾರ್?”

ಈ ಪ್ರಶ್ನೆ ಕನ್ನಡದ ‘ಅಂತ’ದಿಂದ ಹುಟ್ಟುವುದು. ಇನ್ನೊಬ್ಬರ ಮಾತನ್ನು ನಾವು ಹೆಚ್ಚಾಗಿ ಇದ್ದಂತೆಯೇ ಎತ್ತಿ, ಕೊನೆಗೊಂದು ‘ಅಂತ’ ಹಚ್ಚಿ ದಾಟಿಸುತ್ತೇವೆ. ‘ಸೋಮವಾರ ಫೋನ್ ಮಾಡಿ ನಾಡಿದ್ದು ಬರ್ತೀನಿ ಅಂದ’ ಎನ್ನುವಾಗ ಆ ನಾಡಿದ್ದು ಹೇಳಿದವನದು, ಅಂದರೆ ಬುಧವಾರ. ಅದೇ ‘ನಾಡಿದ್ದು ಬರ್ತಾನಂತೆ’ ಎಂದಾಗ ದಿನವನ್ನು ದಾಟಿಸುವವನ ಇವತ್ತಿನಿಂದ ಎಣಿಸುವುದೇ ಹೆಚ್ಚು. ಇಂಗ್ಲಿಷಿನಲ್ಲಿ ಹಳೆಯ ಮಾತನ್ನು ವರದಿ ಮಾಡುವಾಗ ‘ಎರಡು ದಿನದ ನಂತರ’ ಎಂದು ತಿರುಗಿಸುತ್ತಾರೆ. ಜರ್ಮನ್ನಿನಲ್ಲೂ ಅದಕ್ಕೆ ‘ಆಮ್ ಊಬರ್‌ನೆಕ್‌ಸ್ಟನ್ ಟಾಗ್’ ಎಂಬ ಬೇರೆ ಮಾತಿದೆ. ಸೂಪರ್‌ವೈಸರ್ ವಾಕ್ಯದಲ್ಲಿ ‘ಗುರುವಾರ’ ಎಂಬುದೊಂದು ಬಿಟ್ಟುಹೋಗಿತ್ತು. ಹಾಗಾಗಿ ಅದು ಶನಿವಾರವೂ ಆಗಬಹುದು, ಭಾನುವಾರವೂ ಆಗಬಹುದು. ಭಾನುವಾರವಾದರೆ ಗೇಟಿನಲ್ಲಿ ಪಾರ್ಸೆಲ್ ತೆಗೆದುಕೊಳ್ಳಲು ಯಾರೂ ಇರುವುದಿಲ್ಲ, ಆಪರೇಟರ್ ತಲೆಬಿಸಿ ಅದು.

“ಅವರ ನಾಡಿದ್ದು. ನಮಗೆ ನಾಳೆ,” ಎಂದರು ಸೂಪರ್‌ವೈಸರ್.

“ಹಂಗಾದ್ರೆ ಇವತ್ತೇ ಹಳೇ ಬೇರಿಂಗ್ ಬಿಚ್ಚಿಡ್ತೀನಿ,” ಎಂದು ಅವರು ಫೋನ್ ಇಟ್ಟರು.