ಬೀಗ ಹಾಕಿದ ಮನೆಗೆ ವಿಮೆ ಕಟ್ಟಿದರೆ ಸಾಕೆ?

"ಅಣ್ಣಾ, ನಾವೆಲ್ಲಾ ಹೊರದೇಶದಾಗ ಅದೀವಿ. ಊರಾಗಿನ ಅಪ್ಪನ ಮನಿಗೆ ಬೀಗ ಹಾಕೇವಿ, ಬಾಜೂ ಮನಿಯವ್ರ ಕೈಯಾಗ ಒಂದು ಕೀ ಕೊಟ್ಟೇವಿ, ಇನ್ಶೂರೆನ್ಸೂ ಕಟ್ಟೇವಿ. ಇಷ್ಟಾದ್ರ ಸಾಕಲ್ಲ?"

ಸಾಲದು. ನೀವು ಮಾಡಿದ ಮೂರು ಕೆಲಸಗಳಲ್ಲಿ ಒಂದು ಇನ್ನೊಂದರ ಕಾಲು ಎಳೆಯುತ್ತದೆ. ಬೀಗ ಹಾಕಿದ ವಿಷಯ ಕಂಪನಿಗೆ ಗೊತ್ತಿಲ್ಲದಿದ್ದರೆ ಪಾಲಿಸಿ ಕುಂಟುತ್ತದೆ. ಬಾಜೂ ಮನೆಯವರಿಗೆ ಕೊಟ್ಟ ಕೀ ಕಳವಿನ ಕ್ಲೇಮಿಗೇ ಮುಳುವಾಗಬಹುದು.

ನಾನು ಸರ್ವೇಯರ್. ಜಮೀನು ಅಳೆಯುವವನಲ್ಲ, ವಿಮೆ ಇದ್ದಲ್ಲಿ ನಷ್ಟವಾದರೆ ಹೋಗಿ ನೋಡಿ, ಎಷ್ಟಾಗಿದೆ, ಹೇಗಾಗಿದೆ ಎಂದು ಕಂಪನಿಗೆ ವರದಿ ಬರೆಯುವವನು. ಕ್ಲೇಮು ಕೊಡುವುದು ಬಿಡುವುದು ಕಂಪನಿಯ ನಿರ್ಧಾರ. ಆದರೆ ಬೈಗುಳ ಮಾತ್ರ ನನಗೇ ಬರುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಈ ಮೂರು ಜಿಲ್ಲೆಗಳಲ್ಲಿ ಬೀಗ ಹಾಕಿದ ಮನೆಗಳನ್ನು ಸಾಕಷ್ಟು ನೋಡಿದ್ದೇನೆ. ಅದರಲ್ಲಿ ಎರಡರ ಕಥೆ ಹೇಳುತ್ತೇನೆ, ಮನೆಯವರ ಗುರುತು ಸಿಗದಂತೆ.

ಮೊದಲನೆಯದು ಗಂಗಾವತಿಯದು. ಸ್ಲ್ಯಾಬಿನ ಮನೆ, ಹಿಂದೆ ಸಣ್ಣ ಹಿತ್ತಲು, ಬೋರ್‌ವೆಲ್. ಅಣ್ಣ ತಂಗಿ ಇಬ್ಬರೂ ಅಮೆರಿಕದಲ್ಲಿ. ದೀಪಾವಳಿಗೆ ಬಂದು, ತಾಯಿಯನ್ನೂ ಕರೆದುಕೊಂಡು ಹೋದವರು ಮತ್ತೆ ಬಂದಿರಲಿಲ್ಲ. ಜುಲೈನಲ್ಲಿ ಮನೆಯಲ್ಲಿ ಕಳವಾಯಿತು. ಹೋದದ್ದು ಟಿವಿ, ಇನ್ವರ್ಟರ್ ಮತ್ತು ಬ್ಯಾಟರಿ, ಬೋರಿನ ಸ್ಟಾರ್ಟರು, ಅದರ ಕೇಬಲ್ಲು, ಅಜ್ಜಿಯ ಕಾಲದ ತಾಮ್ರದ ಹಂಡೆ, ಹಿತ್ತಾಳೆ ಕೊಡಗಳು, ಬಚ್ಚಲುಮನೆಯ ನಲ್ಲಿಗಳು. ಖಾಲಿ ಮನೆಯ ಕಳ್ಳರಿಗೆ ಅವಸರ ಇರುವುದಿಲ್ಲ, ನಲ್ಲಿಗಳನ್ನೂ ಕೂತು ಬಿಚ್ಚಿಕೊಂಡು ಹೋಗುತ್ತಾರೆ. ಒಟ್ಟು ಕೇಳಿದ್ದು 1,84,000 ರೂಪಾಯಿ.

ಕೀ ಇಟ್ಟುಕೊಂಡಿದ್ದ ಪಕ್ಕದ ಮನೆಯ ಮಾವ ನನ್ನ ಜೊತೆಯಲ್ಲೇ ಒಳಗೆ ಬಂದರು. "ನಾ ದಿನಾ ಬಂದು ನೋಡ್ಕೊಂಡು ಹೋಗ್ತಿದ್ದೆ ಸರ" ಅಂದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳುವ ಉದ್ದೇಶವೂ ಇರಲಿಲ್ಲ, ಮನೆಯವರ ಮರ್ಯಾದೆ ಉಳಿಸುತ್ತಿದ್ದರು ಅಷ್ಟೇ. ಆದರೆ ಪಡಸಾಲೆಯ ಗೋಡೆಯ ಮೇಲಿದ್ದ ಕ್ಯಾಲೆಂಡರು ನವೆಂಬರಿಗೇ ನಿಂತಿತ್ತು. ತುಳಸಿಕಟ್ಟೆಯಲ್ಲಿ ಒಣಗಿದ ಕಡ್ಡಿ ಮಾತ್ರ ಇತ್ತು. ಮೀಟರ್ ಪೆಟ್ಟಿಗೆಯ ಸಂದಿಯಲ್ಲಿ ಜೆಸ್ಕಾಂ ಬಿಲ್ಲುಗಳು ಸುರುಳಿ ಸುತ್ತಿಕೊಂಡು ಬಿದ್ದಿದ್ದವು: ತಿಂಗಳಿಗೆ ಎರಡು ಯೂನಿಟ್, ಮೂರು ಯೂನಿಟ್, ಒಂದು ತಿಂಗಳು ಸೊನ್ನೆ. ಗೃಹಜ್ಯೋತಿ ಬಂದ ಮೇಲೆ ಬಿಲ್ಲಿನ ಮೊತ್ತ ಸೊನ್ನೆ ಇರಬಹುದು, ಓಡಿದ ಯೂನಿಟ್ಟು ಮಾತ್ರ ಅದರ ಮೇಲೆ ಅಚ್ಚಾಗಿಯೇ ಇರುತ್ತದೆ. ಆ ಮನೆಯಲ್ಲಿ ಎಂಟು ತಿಂಗಳು ಯಾರೂ ಮಲಗಿರಲಿಲ್ಲ ಎಂದು ತಿಳಿಯಲು ಯಾರನ್ನೂ ಕೇಳುವ ಅಗತ್ಯವಿರಲಿಲ್ಲ.

ಯಾಕೆ ಇದು ಮುಖ್ಯ ಅಂದರೆ, ನಮ್ಮಲ್ಲಿ ಬಹಳ ವರ್ಷ ನಡೆದ ಸಾಮಾನ್ಯ ಫೈರ್ ಪಾಲಿಸಿಯ ಷರತ್ತಿನಲ್ಲೇ ಒಂದು ಸಾಲಿದೆ: ಕಟ್ಟಡದಲ್ಲಿ ಯಾರೂ ವಾಸವಿಲ್ಲದೆ 30 ದಿನ ಮೀರಿದರೆ, ನಷ್ಟವಾಗುವ ಮೊದಲೇ ಕಂಪನಿಯ ಒಪ್ಪಿಗೆ ಪಡೆದು ಪಾಲಿಸಿಯ ಮೇಲೆ ಬರೆಸಿಕೊಂಡಿರದಿದ್ದರೆ, ರಕ್ಷಣೆ ನಿಂತುಹೋಗುತ್ತದೆ. ಮನೆ ಪಾಲಿಸಿಗಳ ಕಳವಿನ ಭಾಗದಲ್ಲೂ ಇಂಥದೇ ಸಾಲು ಇರುತ್ತದೆ. ಕೆಲವದರಲ್ಲಿ 30 ದಿನ, ಕೆಲವದರಲ್ಲಿ ಹೆಚ್ಚು. ನಿಮ್ಮ ಪಾಲಿಸಿಯ ಪಿಡಿಎಫ್ ತೆರೆದು "unoccupied" ಎಂದು ಹುಡುಕಿ, ಅಲ್ಲಿರುವ ದಿನಗಳ ಲೆಕ್ಕವೇ ನಿಮಗೆ ಅನ್ವಯಿಸುವುದು. ವಾರಕ್ಕೊಮ್ಮೆ ಬಂದು ಕಸ ಹೊಡೆದರೆ ಅದು ವಾಸ ಆಗುವುದಿಲ್ಲ. ರಾತ್ರಿ ಅಲ್ಲಿ ಮಲಗುವವರು ಇದ್ದರೆ ವಾಸ.

ಗಂಗಾವತಿಯವರು ಅರ್ಜಿ ತುಂಬಿದ್ದು ಫೋನಿನಲ್ಲಿ, ಏಜೆಂಟರ ಮೂಲಕ. "ಮನೆ 30 ದಿನಕ್ಕಿಂತ ಹೆಚ್ಚು ಖಾಲಿ ಇರುತ್ತದೆಯೇ?" ಎಂಬ ಪ್ರಶ್ನೆಯ ಮುಂದೆ "ಇಲ್ಲ" ಎಂದಿತ್ತು. ಏಜೆಂಟರು ಯಾರನ್ನೂ ಕೇಳಿರಲಿಲ್ಲ, ಮನೆಯವರೂ ಓದಿರಲಿಲ್ಲ. ಕ್ಲೇಮು ತಿರಸ್ಕಾರವಾಯಿತು.

ಈ ಷರತ್ತು ಇರದಿದ್ದರೂ ಆ ಕ್ಲೇಮು ಸುಲಭವಿರಲಿಲ್ಲ, ಅದಕ್ಕೆ ಕಾರಣ ಕೀ. ಕಳವಿನ ವಿಮೆ ಅಂದರೆ ಬೀಗ ಒಡೆದು, ಬಾಗಿಲು ಮುರಿದು, ಬಲವಂತವಾಗಿ ಒಳಗೆ ಬಂದ ಅಥವಾ ಹೊರಗೆ ಹೋದ ಗುರುತು ಬೇಕು. ಹಿಂದಿನ ಬಾಗಿಲಿನ ಬೀಗ ನೆಟ್ಟಗಿತ್ತು, ಚೌಕಟ್ಟಿನ ಮೇಲೆ ಒಂದು ಗೀರೂ ಇರಲಿಲ್ಲ. ಮಾವನವರನ್ನು ನಿಧಾನವಾಗಿ ಕೇಳಿದಾಗ ಹೊರಬಂತು: ಕೀ ಒಮ್ಮೆ ಪೇಂಟರಿಗೆ ಕೊಟ್ಟಿದ್ದರು, ಆಮೇಲೆ ಮೋಟಾರು ರಿಪೇರಿಯವನಿಗೆ, ಅವನು ಎರಡು ದಿನ ಇಟ್ಟುಕೊಂಡಿದ್ದ. ಕಳವಿನ ಪಾಲಿಸಿಗಳಲ್ಲಿ ಇನ್ನೊಂದು ಹೊರಗಿಡುವ ಮಾತೂ ಇರುತ್ತದೆ: ಮನೆಯವರು, ಮನೆಗೆಲಸದವರು, ನೀವೇ ಒಳಗೆ ಬಿಟ್ಟವರು ಶಾಮೀಲಾಗಿದ್ದರೆ ಪರಿಹಾರವಿಲ್ಲ. ಮನೆ ನೋಡಿಕೊಳ್ಳುವವನು ಕಾನೂನಿನ ಪ್ರಕಾರ ನೀವು ಒಳಗೆ ಬಿಟ್ಟವನೇ. ಅವನ ಮೇಲೆ ನಂಬಿಕೆ ಇದೆ ಎಂಬುದು ನಿಮ್ಮ ಮಾತು. ಪಾಲಿಸಿ ಆ ನಂಬಿಕೆಗೆ ವಿಮೆ ಕೊಟ್ಟಿಲ್ಲ.

ಇಲ್ಲಿ ಒಂದು ಗೊಂದಲವನ್ನೂ ಬಿಡಿಸಬೇಕು. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಭಾರತ್ ಗೃಹ ರಕ್ಷಾ ಎಂಬ ಒಂದೇ ಮಾದರಿಯ ಪಾಲಿಸಿ ಮಾರುತ್ತವೆ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕಂಪ, ನೀರಿನ ಟ್ಯಾಂಕು ಪೈಪು ಒಡೆಯುವುದು ಎಲ್ಲ ಅದರೊಳಗಿದೆ. ಕಳವು ಮಾತ್ರ ಅರ್ಧಂಬರ್ಧ: ಇಂಥ ಯಾವುದಾದರೂ ಅವಘಡ ಆಗಿ, ಅದರಿಂದಾಗಿ 7 ದಿನದೊಳಗೆ ಸಾಮಾನು ಕಳುವಾದರೆ ಮಾತ್ರ ಸಿಗುತ್ತದೆ. ಸುಮ್ಮನೆ ಬೀಗ ಒಡೆದು ಕದ್ದರೆ ಸಿಗುವುದಿಲ್ಲ, ಅದಕ್ಕೆ ಬೇರೆಯಾಗಿ ಕಳವಿನ ವಿಮೆ ಸೇರಿಸಬೇಕು. ಹಾಗೆಯೇ, ಯಾರಾದರೂ ಅಕ್ರಮವಾಗಿ ಮನೆ ಹೊಕ್ಕು ಕೂತು ನೀವು ಮನೆ ಕಳೆದುಕೊಂಡರೆ ಅದೂ ಈ ಪಾಲಿಸಿಯ ವಿಷಯವಲ್ಲ.

ಮೊತ್ತದಲ್ಲೂ ಜನ ತಪ್ಪುತ್ತಾರೆ. "ನಮ್ಮ ಮನಿಗೆ 80 ಲಕ್ಷ ಬೆಲಿ ಬಂದೈತಿ" ಅನ್ನುತ್ತಾರೆ. ಅದರಲ್ಲಿ ದೊಡ್ಡ ಪಾಲು ಜಾಗದ ಬೆಲೆ, ಜಾಗ ಸುಡುವುದಿಲ್ಲ. ಲೆಕ್ಕ ಹಾಕುವುದು ಕಾರ್ಪೆಟ್ ಏರಿಯಾ ಗುಣಿಸು ಈಗಿನ ಕಟ್ಟುವ ಖರ್ಚು. 1,500 ಚದರಡಿ, ಅಡಿಗೆ 2,000 ರೂಪಾಯಿ ಎಂದಿಟ್ಟುಕೊಂಡರೆ 30 ಲಕ್ಷ. ಗೃಹ ರಕ್ಷಾದಲ್ಲಿ ಕಟ್ಟಡದ ಮೊತ್ತದ ಶೇ. 20ರಷ್ಟು, ಅಂದರೆ ಇಲ್ಲಿ 6 ಲಕ್ಷ, ಒಳಗಿನ ಸಾಮಾನಿಗೆ ತಾನೇ ಸೇರಿಕೊಳ್ಳುತ್ತದೆ. ಗರಿಷ್ಠ 10 ಲಕ್ಷ. ಖಾಲಿ ಮನೆಗೆ ಇದು ಬೇಕಾದಷ್ಟಾಯಿತು.

ಎರಡನೆಯ ಮನೆ ರಾಯಚೂರಿನದು, ಮಸ್ಕತ್‌ನಲ್ಲಿರುವ ದಂಪತಿಯದು. ಇವರು ಹೊರಡುವ ಮೊದಲೇ ಕಂಪನಿಗೆ ಮೇಲ್ ಬರೆದಿದ್ದರು: ಇಂಥ ತಾರೀಖಿನಿಂದ ಮನೆ ಖಾಲಿ, ನೋಡಿಕೊಳ್ಳುವವರು ಇಂಥವರು, ವಾರಕ್ಕೊಮ್ಮೆ ಬರುತ್ತಾರೆ. ಕಂಪನಿ ಸ್ವಲ್ಪ ಹೆಚ್ಚಿನ ಪ್ರೀಮಿಯಂ ತೆಗೆದುಕೊಂಡು ಎಂಡಾರ್ಸ್‌ಮೆಂಟ್, ಅಂದರೆ ಒಪ್ಪಿಗೆಯನ್ನು ಬರೆದು ಪಾಲಿಸಿಗೆ ಸೇರಿಸಿದ ಹಾಳೆ, ಕೊಟ್ಟಿತು. ಷರತ್ತುಗಳು ಮೂರು: ವಾರಕ್ಕೊಮ್ಮೆ ತಪಾಸಣೆ, ನೀರಿನ ಮೇನ್ ವಾಲ್ವ್ ಬಂದ್, ಬಂಗಾರ ನಗದು ಒಳಗೆ ಇರಕೂಡದು. ಏಜೆಂಟರು ಬಾಯಲ್ಲಿ "ಆಯ್ತು ಬಿಡ್ರಿ, ಏನೂ ಆಗಲ್ಲ" ಅಂದದ್ದಕ್ಕೆ ಬೆಲೆ ಇಲ್ಲ, ಆ ಎಂಡಾರ್ಸ್‌ಮೆಂಟ್ ಹಾಳೆಗೆ ಇದೆ.

ನೋಡಿಕೊಳ್ಳುತ್ತಿದ್ದವರು ದೂರದ ಸಂಬಂಧಿ, ನಿವೃತ್ತ ಮಾಸ್ತರು. ಅವರ ಪದ್ಧತಿ ನನಗೆ ಬಹಳ ಹಿಡಿಸಿತು. ಪ್ರತಿ ಶನಿವಾರ ಬೆಳಿಗ್ಗೆ ಹೋಗಿ ಮೊದಲು ಮೀಟರಿನ ಫೋಟೊ, ಆಮೇಲೆ ಮಾಳಿಗೆಯ ಮೇಲಿನ ನಾಲ್ಕು ಮೂಲೆ, ಅಡುಗೆಮನೆ, ಹಿಂದಿನ ಬಾಗಿಲು. ಎಲ್ಲ ವಾಟ್ಸಾಪಿನಲ್ಲಿ ಮಸ್ಕತ್‌ಗೆ. ತಿಂಗಳಿಗೆ 2,500 ರೂಪಾಯಿ, ಕೈಯಲ್ಲಲ್ಲ, ಖಾತೆಗೆ. ಬೀಗದಕೈ ಗೇಟಿನದು, ಪಡಸಾಲೆಯದು, ಮಾಳಿಗೆ ಮೆಟ್ಟಿಲಿನದು ಮಾತ್ರ ಅವರ ಹತ್ತಿರ. ಬೆಲೆಬಾಳುವ ಸಾಮಾನು ತುಂಬಿದ್ದ ಒಂದು ಕೋಣೆಯ ಕೀ ಬೇರೆ ಊರಿನ ತಂಗಿಯ ಕೈಯಲ್ಲಿ. ರಿಪೇರಿಯವರು ಬಂದರೆ ಮಾಸ್ತರು ಜೊತೆಗೇ ನಿಲ್ಲುತ್ತಿದ್ದರು, ಕೀ ಕೊಟ್ಟು ಹೋಗುತ್ತಿರಲಿಲ್ಲ.

ಮೇ ತಿಂಗಳ ಗಾಳಿಮಳೆಗೆ ಪಕ್ಕದ ಬೇವಿನ ಮರದ ದೊಡ್ಡ ಕೊಂಬೆ ಮುರಿದು ಮಾಳಿಗೆಯ ಮೇಲೆ ಬಿತ್ತು. ಸೋಲಾರ್ ಹೀಟರ್ ಪುಡಿಯಾಯಿತು, ಮೆಟ್ಟಿಲಿನ ಬಾಗಿಲು ಕಿತ್ತು ಮಳೆನೀರು ಒಳಗೆ ನುಗ್ಗಿತು, ಮೇಲಿನ ಕೋಣೆಯ ಮರದ ಕಪಾಟು ಉಬ್ಬಿತು. ಕೇಳಿದ್ದು 96,000. ಹಿಂದಿನ ಶನಿವಾರದ ಫೋಟೊದಲ್ಲಿ ಎಲ್ಲ ನೆಟ್ಟಗಿದೆ, ಈ ಶನಿವಾರದ್ದರಲ್ಲಿ ಕೊಂಬೆ ಬಿದ್ದಿದೆ. ನಡುವೆ ಆ ಬಿರುಗಾಳಿ. ನನ್ನ ಅರ್ಧ ವರದಿ ಅಲ್ಲೇ ಬರೆದಾಗಿತ್ತು. ಆದರೆ ಅದೇ ಫೋಟೊಗಳು ಇನ್ನೊಂದನ್ನೂ ಹೇಳಿದವು: ಉತ್ತರದ ಗೋಡೆಯ ಗಾರೆ ಜನವರಿಯಲ್ಲೇ ತೇವ ಹಿಡಿದು ಹೊಪ್ಪಳಿಸಿತ್ತು. ಅದು ಗಾಳಿಮಳೆಯ ನಷ್ಟವಲ್ಲ, ರಿಪೇರಿ ಮಾಡದೆ ಬಿಟ್ಟದ್ದು. ಅದಕ್ಕೆ ಸೇರಿಸಿದ್ದ 14,000 ತೆಗೆದು 82,000ಕ್ಕೆ ಅಂದಾಜು ಕೊಟ್ಟೆ. ಮಾಸ್ತರು ಸ್ವಲ್ಪ ಮುನಿಸಿಕೊಂಡರು. ಹಣ ಬಂತು.

ಹಳೆಯ ಜಂತಿ ಮನೆಯವರಿಗೆ ಈ ಗಾರೆಯ ಮಾತು ಹೆಚ್ಚು ಅನ್ವಯಿಸುತ್ತದೆ. ಮಾಳಿಗೆಯ ಮಣ್ಣಿನ ಮೇಲ್ಮುದ್ದೆ ಪ್ರತಿ ವರ್ಷ ಸರಿಮಾಡದಿದ್ದರೆ ಮಳೆಗೆ ಕೂತುಬಿಡುತ್ತದೆ, ಅದನ್ನು ಅವಘಡ ಎಂದು ಯಾರೂ ಒಪ್ಪುವುದಿಲ್ಲ. ಅರ್ಜಿಯಲ್ಲಿ ಗೋಡೆ, ಮಾಳಿಗೆ ಯಾವುದರದು ಎಂದು ಕೇಳಿದಾಗ "ಆರ್‌ಸಿಸಿ" ಎಂದು ಬರೆಸಬೇಡಿ, ಇದ್ದದ್ದು ಇದ್ದ ಹಾಗೆ ಬರೆಸಿ.

"ನೋಡ್ಕೊಳ್ಳೋರು ಮುಂದ ಮನಿ ನಂದೇ ಅಂದ್ರ?" ಎಂಬ ಭಯಕ್ಕೆ ಜನ ಯಾರನ್ನೂ ಇಡದೆ ಬಿಡುತ್ತಾರೆ. ನೋಡಿಕೊಳ್ಳುವವನು ಎಷ್ಟು ವರ್ಷ ಇದ್ದರೂ ಆ ಆಸ್ತಿಯಲ್ಲಿ ಹಕ್ಕು ಗಳಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಅವನು ನೋಡಿಕೊಳ್ಳುವವನು ಎಂದು ತೋರಿಸಲು ಕಾಗದ ಬೇಕಲ್ಲ: ಒಂದು ಪುಟದ ಒಪ್ಪಂದ, ಖಾತೆಗೆ ಹೋದ ಸಂಬಳ, ಅಷ್ಟಿದ್ದರೆ ಸಾಕು. ಅವನು ಕುಟುಂಬ ಸಮೇತ ಒಳಗೇ ಇರುವುದಾದರೆ, ಅಥವಾ ನೀವು ಬಾಡಿಗೆಗೆ ಕೊಡುವುದಾದರೆ, ಅದನ್ನೂ ಕಂಪನಿಗೆ ಬರೆದು ತಿಳಿಸಿ.

ಕೊನೆಗೆ ಸಹಿಯ ವಿಷಯ. ಮನೆಯ ಖಾತೆ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲಿದ್ದರೆ ಮೊದಲು ಪೌತಿ ಖಾತೆ ಮಾಡಿಸಿ, ಆಮೇಲೆ ಪಾಲಿಸಿ. ಕ್ಲೇಮ್ ಫಾರ್ಮಿಗೆ ನಿಮ್ಮ ಪರವಾಗಿ ಸಹಿ ಹಾಕಲು ಇಲ್ಲೊಬ್ಬರಿಗೆ ಅಧಿಕಾರ ಪತ್ರ ಬೇಕು. ಹೊರದೇಶದಲ್ಲಿ ಮಾಡಿಸಿದ ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಕಳವಾದ ದಿನ ಆ ಪತ್ರ ಇರದಿದ್ದರೆ ಎಫ್‌ಐಆರ್ ಆಗಬಹುದು, ಪತ್ತೆಯಾಗದ ಪ್ರಕರಣ ಎಂದು ಪೊಲೀಸರ ಸಿ ರಿಪೋರ್ಟೂ ಬರಬಹುದು, ಫಾರ್ಮು ಮಾತ್ರ ನಿಮ್ಮ ಸಹಿಗೆ ಕಾದು ಕೂತಿರುತ್ತದೆ. ಮುಂದಿನ ರಜೆಗೆ ಊರಿಗೆ ಬಂದಾಗ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲೇ ಇದನ್ನು ಮುಗಿಸಿಕೊಂಡರೆ ರಾಯಭಾರ ಕಚೇರಿಯ ಓಡಾಟ ಉಳಿಯುತ್ತದೆ.